ಒಂದು ಪಂಪ್ ನಿಂತರೆ 14 ಅಲಾರಾಂ: ಆಪರೇಟರ್ ಅಲಾರಾಂ ವ್ಯವಸ್ಥೆಯ ಬಗ್ಗೆ ನನ್ನ ಟಿಪ್ಪಣಿ

ಟ್ರೈನಿಂಗಿಗೆ ಹೋಗಿದ್ದ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕಂಟ್ರೋಲ್ ರೂಮಿನಲ್ಲಿ ನಾನು ಮೊದಲು ಗಮನಿಸಿದ್ದು ಆಪರೇಟರ್ ಅಣ್ಣನ ಬಲಗೈಯನ್ನು. ಮಾತಾಡುತ್ತಾ, ಟೀ ಕುಡಿಯುತ್ತಾ, ಪರದೆ ಕಡೆ ನೋಡದೆಯೇ ಅವರ ಬೆರಳು, ಅಲಾರಾಂ ನೋಡಿದೆ ಎಂದು ತಿಳಿಸುವ ಅಕ್ನಾಲೆಜ್ ಬಟನ್ ಒತ್ತುತ್ತಿತ್ತು. ಕೇಳಿದಾಗ "ಇಲ್ಲಾಂದ್ರೆ ಹೂಟರ್ ತಲೆ ತಿನ್ನತ್ತೆ" ಅಂದರು. ತಪ್ಪು ಅವರದ್ದಲ್ಲ. ಆ ವ್ಯವಸ್ಥೆಯನ್ನು ಹಾಗೆ ಕಟ್ಟಿದ್ದರು, ಅಷ್ಟೇ. ಈ ಟಿಪ್ಪಣಿಯಲ್ಲಿ ಅಂಥದೇ ಒಂದು ಬಾಯ್ಲರನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದರ ಫೀಡ್ ವಾಟರ್ ಭಾಗದ ಅಲಾರಾಂಗಳನ್ನು ಮೊದಲಿಂದ ಕಟ್ಟೋಣ. ಅಂಕಿಗಳು ನಾನೇ ಇಟ್ಟುಕೊಂಡವು, ಆದರೆ ಅಳತೆ ನಿಜಕ್ಕೆ ಹತ್ತಿರವಾಗಿವೆ.

ಅಲಾರಾಂ ಅಂದರೆ ಯಾವುದು

ಐಎಸ್‌ಎ 18.2 ಮತ್ತು ಐಇಸಿ 62682 ಎಂಬ ಅಲಾರಾಂ ನಿರ್ವಹಣೆಯ ಎರಡು ಸ್ಟ್ಯಾಂಡರ್ಡುಗಳು ಹೇಳುವುದು ಒಂದೇ ಮಾತು. ಏನೋ ಸರಿಯಿಲ್ಲ ಎಂದಾಗ, ಆಪರೇಟರ್ ಸಮಯಕ್ಕೆ ಸರಿಯಾಗಿ ಏನಾದರೂ ಮಾಡಬೇಕಿದ್ದರೆ ಮಾತ್ರ ಅದು ಅಲಾರಾಂ. ಮಾಡುವ ಕೆಲಸ ಇಲ್ಲದಿದ್ದರೆ ಅದು ಬರೀ ಮಾಹಿತಿ. ಅದನ್ನು ಈವೆಂಟ್ ಲಾಗಿಗೆ ಕಳಿಸಬೇಕು, ಹೂಟರಿಗಲ್ಲ. ಹಾಗಾಗಿ ಪ್ರತಿ ಅಲಾರಾಂ ಎದುರು ಮೂರು ವಿಷಯ ಬರೆಯಬೇಕು: ಆಪರೇಟರ್ ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಎಷ್ಟು ಸಮಯ ಇದೆ. ಮೊದಲನೆಯದು ಖಾಲಿ ಉಳಿದರೆ ಆ ಅಲಾರಾಂ ಹೊಡೆದು ಹಾಕಿ.

ನಮ್ಮ ಬಾಯ್ಲರ್

ಗಂಟೆಗೆ 40 ಟನ್ ಸ್ಟೀಮ್ ಕೊಡುವ, ಸುಮಾರು 45 ಬಾರ್ ಒತ್ತಡದ, ಕಬ್ಬಿನ ಸಿಪ್ಪೆ ಅಂದರೆ ಬಗಾಸ್ ಉರಿಸುವ ಬಾಯ್ಲರ್. ಎರಡು ಫೀಡ್ ಪಂಪ್: ಎ ಓಡುತ್ತದೆ, ಬಿ ಸ್ಟ್ಯಾಂಡ್‌ಬೈ. ನೀರಿನಿಂದ ಸ್ಟೀಮ್ ಬೇರ್ಪಡುವ ಡ್ರಮ್ಮಿನ ಲೆವೆಲ್ ನಡುಗೆರೆಯಲ್ಲಿ ಸೊನ್ನೆ. ಲೋ ಅಲಾರಾಂ ಮೈನಸ್ 75 ಮಿ.ಮೀ.ಗೆ, ಬಾಯ್ಲರ್ ತಾನಾಗಿಯೇ ನಿಲ್ಲುವ ಟ್ರಿಪ್ ಮೈನಸ್ 175 ಮಿ.ಮೀ.ಗೆ.

ಈಗ ಪಂಪ್ ಎ ನಿಂತಿತು, ಬಿ ಎದ್ದೇಳಲಿಲ್ಲ ಅಂದುಕೊಳ್ಳಿ. ಹಳೇ ರೀತಿಯಲ್ಲಿ ಪ್ರತಿ ಮೀಟರಿಗೂ ಒಂದೊಂದು ಅಲಾರಾಂ ಹಚ್ಚಿದ್ದರೆ ಪರದೆಗೆ ಏನೇನು ಬರುತ್ತದೆ? ಪಂಪ್ ಟ್ರಿಪ್. ಮೋಟರ್ ಕರೆಂಟ್ ಕಡಿಮೆ. ಡಿಸ್ಚಾರ್ಜ್ ಪ್ರೆಷರ್ ಕಡಿಮೆ. ಹೆಡರ್ ಪ್ರೆಷರ್ ಕಡಿಮೆ. ಫೀಡ್ ಫ್ಲೋ ಕಡಿಮೆ. ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದಿದೆ. ಲೆವೆಲ್ ಸೆಟ್ ಪಾಯಿಂಟಿನಿಂದ ದೂರ. ಲೆವೆಲ್ ಲೋ. ಲೆವೆಲ್ ಲೋ-ಲೋ. ಬಾಯ್ಲರ್ ಟ್ರಿಪ್. ಸ್ಟೀಮ್ ಪ್ರೆಷರ್ ಕಡಿಮೆ, ಸ್ಟೀಮ್ ಫ್ಲೋ ಕಡಿಮೆ, ಸ್ಟೀಮ್ ಟೆಂಪರೇಚರ್ ಕಡಿಮೆ, ಟರ್ಬೈನ್ ಇನ್ಲೆಟ್ ಪ್ರೆಷರ್ ಕಡಿಮೆ. ಒಟ್ಟು 14, ಅದೂ ಕೆಲವೇ ನಿಮಿಷಗಳಲ್ಲಿ. ಒಬ್ಬ ಆಪರೇಟರಿಗೆ 10 ನಿಮಿಷದಲ್ಲಿ 10ಕ್ಕಿಂತ ಜಾಸ್ತಿ ಅಲಾರಾಂ ಬಂದರೆ ಅದನ್ನೇ ಪ್ರವಾಹ ಅನ್ನುತ್ತಾರೆ. ಮಾಮೂಲಿ ದಿನದಲ್ಲಿ 10 ನಿಮಿಷಕ್ಕೆ ಒಂದು ಇದ್ದರೆ ಸರಿ. ಇಲ್ಲಿ ಒಂದೇ ಪಂಪ್ ಪ್ರವಾಹ ತಂದಿತು. ಗಮನಿಸಿ: 14ರಲ್ಲಿ ಹೆಚ್ಚಿನವು ಒಂದೇ ಸುದ್ದಿಯನ್ನು ಬೇರೆ ಬೇರೆ ಬಾಯಲ್ಲಿ ಹೇಳುತ್ತಿವೆ.

ಪ್ರಯಾರಿಟಿ: ಮೊದಲು ಸಮಯದ ಲೆಕ್ಕ

ಪ್ರಯಾರಿಟಿ ಕೊಡುವಾಗ ಎರಡು ಪ್ರಶ್ನೆ ಕೇಳಬೇಕು. ಸುಮ್ಮನಿದ್ದರೆ ನಷ್ಟ ಎಷ್ಟು? ಕೈಯಲ್ಲಿರುವ ಸಮಯ ಎಷ್ಟು? ನಷ್ಟ ದೊಡ್ಡದು, ಸಮಯ ಕಡಿಮೆ ಆದರೆ ಹೈ. ಎಂಜಿನಿಯರುಗಳು ಮೊದಲನೆಯದನ್ನು ಮಾತ್ರ ನೋಡಿ "ಡ್ರಮ್ ಲೆವೆಲ್ ಅಲ್ವಾ, ಹೈ ಹಾಕಿ" ಅಂದುಬಿಡುತ್ತಾರೆ. ಎರಡನೆಯದನ್ನು ಲೆಕ್ಕ ಹಾಕಿ ನೋಡೋಣ.

ಡ್ರಮ್ ಒಳವ್ಯಾಸ 1.5 ಮೀಟರ್, ಉದ್ದ 6 ಮೀಟರ್. ನಡುಗೆರೆಯ ಹತ್ತಿರ ನೀರಿನ ಮೇಲ್ಮೈ 9 ಚದರ ಮೀಟರ್. ಅಂದರೆ 100 ಮಿ.ಮೀ. ಇಳಿದರೆ 0.9 ಘನ ಮೀಟರ್ ನೀರು ಹೋಯಿತು. 45 ಬಾರಿನಲ್ಲಿ ಕುದಿಯುವ ನೀರು ತಣ್ಣೀರಿಗಿಂತ ಹಗುರ, ಒಂದು ಘನ ಮೀಟರಿಗೆ ಸುಮಾರು 790 ಕೆ.ಜಿ. ಹಾಗಾಗಿ 0.9 ಘನ ಮೀಟರ್ ಎಂದರೆ ಸುಮಾರು 710 ಕೆ.ಜಿ. ಗಂಟೆಗೆ 40 ಟನ್ ಎಂದರೆ ನಿಮಿಷಕ್ಕೆ 667 ಕೆ.ಜಿ. ಲೋ ಅಲಾರಾಂನಿಂದ ಟ್ರಿಪ್‌ಗೆ ಇರುವ ಸಮಯ: ಒಂದು ನಿಮಿಷ, ನಾಲ್ಕು ಸೆಕೆಂಡ್. ಒತ್ತಡ ಬದಲಾದಾಗ ಲೆವೆಲ್ ಉಬ್ಬುವುದು, ಕುಗ್ಗುವುದು ಬೇರೆ ಇದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಒಂದು ನಿಮಿಷದಲ್ಲಿ ಆಪರೇಟರ್ ಅಲಾರಾಂ ಓದಿ, ಕಾರಣ ಹುಡುಕಿ, ಬಿ ಪಂಪ್ ಚಾಲೂ ಮಾಡಿ, ನೀರು ಬಂತಾ ಅಂತ ನೋಡಬೇಕು. ಆಗದ ಮಾತು. ಅಂದರೆ ಪಂಪ್ ಪೂರ್ತಿ ನಿಂತಾಗ ಲೆವೆಲ್ ಲೋ ಅಲಾರಾಂ ನಮ್ಮನ್ನು ಕಾಪಾಡುವುದಿಲ್ಲ. ವಾಲ್ವ್ ಅರ್ಧಕ್ಕೆ ಸಿಕ್ಕಿಕೊಂಡು ನೀರು ನಿಧಾನವಾಗಿ ಇಳಿಯುವಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಪಂಪ್ ನಿಂತರೆ ಬಿ ತಾನಾಗಿಯೇ ಏಳಬೇಕು. ಏಳದಿದ್ದರೆ ಹತ್ತು ಸೆಕೆಂಡಿನಲ್ಲೇ ಬೇರೆ ಅಲಾರಾಂ ಬರಬೇಕು. ಸೊನ್ನೆಯಿಂದ ಮೈನಸ್ 175ಕ್ಕೆ ಇಳಿಯಲು ಒಟ್ಟು 112 ಸೆಕೆಂಡ್ ಬೇಕು. ಹತ್ತು ಕಳೆದರೂ ನೂರು ಸೆಕೆಂಡ್ ಸಿಗುತ್ತದೆ. ಮಾಡಬೇಕಾದ ಕೆಲಸವೂ ಒಂದೇ: ಬಿ ಪಂಪ್ ಕೈಯಾರೆ ಚಾಲೂ ಮಾಡು.

ಈಗ ಪ್ರಯಾರಿಟಿ ತಾನಾಗಿಯೇ ಬೀಳುತ್ತದೆ. "ಬಿ ಪಂಪ್ ಚಾಲೂ ಆಗಲಿಲ್ಲ": ಹೈ. "ಡ್ರಮ್ ಲೆವೆಲ್ ಲೋ": ಹೈ. "ಪಂಪ್ ಎ ಟ್ರಿಪ್": ಲೋ. ಹೌದು, ಲೋ! ಬಿ ಎದ್ದಿದ್ದರೆ ಮಾಡಬೇಕಾದ್ದು ಎಲೆಕ್ಟ್ರಿಷಿಯನ್‌ಗೆ ಹೇಳುವುದಷ್ಟೇ. "ಬಾಯ್ಲರ್ ಟ್ರಿಪ್" ನನ್ನ ಪ್ರಕಾರ ಮೀಡಿಯಂ. ತಪ್ಪಿಸುವ ಸಮಯ ಮುಗಿದಿದೆ, ಟ್ರಿಪ್ ಆದ ಮೇಲಿನ ಕೆಲಸಗಳು ಬಾಕಿ ಇವೆ. ಇದನ್ನು ಹೇಳಿದಾಗ ನನ್ನ ಗೆಳೆಯನೊಬ್ಬ ಒಪ್ಪಲಿಲ್ಲ, ಒಲೆಯ ಜಾಲರಿ ಮೇಲೆ ಬಗಾಸ್ ಇನ್ನೂ ಉರಿಯುತ್ತಿರುತ್ತದೆ ಅಂದ. ಅವನ ಮಾತಲ್ಲೂ ಹುರುಳಿದೆ. ಇಂಥ ಜಗಳ ಆಪರೇಟರನ್ನೂ ಕೂರಿಸಿಕೊಂಡು ಆಗಬೇಕು.

ಇಡೀ ಪ್ಲಾಂಟಿನ ಅಲಾರಾಂಗಳಲ್ಲಿ ಹೈ ಸುಮಾರು ಶೇ. 5, ಮೀಡಿಯಂ ಶೇ. 15, ಉಳಿದದ್ದು ಲೋ ಇರಬೇಕು ಎಂಬುದು ರೂಢಿಯ ಅಳತೆ. ಎಲ್ಲವೂ ಹೈ ಆದರೆ ಯಾವುದೂ ಹೈ ಅಲ್ಲ.

ಒಂದೇ ಅಲಾರಾಂ ಪದೇ ಪದೇ ಕೂಗಿದರೆ

ಡ್ರಮ್ ನೀರು ಯಾವಾಗಲೂ ಕುಣಿಯುತ್ತಿರುತ್ತದೆ. ಲೆವೆಲ್ ಮೈನಸ್ 75ರ ಅಕ್ಕಪಕ್ಕ ಆಡುತ್ತಿದ್ದರೆ ಅಲಾರಾಂ ಬಂದು ಹೋಗಿ, ಬಂದು ಹೋಗಿ ಹೈರಾಣ ಮಾಡುತ್ತದೆ. ಮದ್ದು ಎರಡು: ಅಲಾರಾಂ ಬರುವ ಅಂಕಿಗೂ ಹೋಗುವ ಅಂಕಿಗೂ ಅಂತರ ಇಡುವ ಡೆಡ್‌ಬ್ಯಾಂಡ್, ಸ್ವಲ್ಪ ಕಾದು ಕೂಗಿಸುವ ಡಿಲೇ. ಲೆವೆಲ್‌ಗೆ ಅಳತೆಯ ವ್ಯಾಪ್ತಿಯ ಶೇ. 5 ಡೆಡ್‌ಬ್ಯಾಂಡ್, 60 ಸೆಕೆಂಡ್ ಡಿಲೇ ಎಂದು ಇಇಎಂಯುಎ 191 ಕೈಪಿಡಿಯ ಪಟ್ಟಿಯಲ್ಲಿ ಆರಂಭದ ಅಂಕಿಗಳಿವೆ. ನಮ್ಮ ವ್ಯಾಪ್ತಿ 500 ಮಿ.ಮೀ., ಅದರ ಶೇ. 5 ಅಂದರೆ 25. ಮೈನಸ್ 75ಕ್ಕೆ ಬಂದ ಅಲಾರಾಂ ಮೈನಸ್ 50 ದಾಟಿದ ಮೇಲೆ ಹೋಗಲಿ. ಇದು ಸರಿ.

ಆದರೆ 60 ಸೆಕೆಂಡ್ ಡಿಲೇ? ನಮ್ಮ ಹತ್ತಿರ ಇರುವುದೇ 64 ಸೆಕೆಂಡ್! ಪಟ್ಟಿ ನೋಡಿ ಹಾಗೇ ತುಂಬಿದರೆ ಅಲಾರಾಂ ಮತ್ತು ಟ್ರಿಪ್ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ದೊಡ್ಡ ಟ್ಯಾಂಕಿಗೆ ಸರಿಹೋಗುವ ಅಂಕಿ ಡ್ರಮ್‌ಗೆ ಆಗುವುದಿಲ್ಲ. ನಾನು 4 ಸೆಕೆಂಡ್ ಇಟ್ಟಿದ್ದೇನೆ, ಇಲ್ಲಿ LT101 ಅಂದರೆ ಡ್ರಮ್ ಲೆವೆಲ್ ಮೀಟರ್:

```
DelayLow(IN := LT101 < -75.0, PT := T#4S);
IF DelayLow.Q THEN
    LevelLow := TRUE;
ELSIF LT101 > -50.0 THEN
    LevelLow := FALSE;
END_IF;
```

ಹೆಡರ್ ಪ್ರೆಷರ್‌ಗೆ ಪಟ್ಟಿಯ 15 ಸೆಕೆಂಡ್ ಚೆನ್ನಾಗಿ ಕೂರುತ್ತದೆ. ಬಿ ಪಂಪ್ ಏಳುವಷ್ಟರಲ್ಲಿ ಪ್ರೆಷರ್ ಒಮ್ಮೆ ಕುಸಿದು ಮೇಲೆದ್ದರೆ ಯಾರೂ ಕೂಗುವುದಿಲ್ಲ.

ಅಕ್ನಾಲೆಜ್ ಅಂದರೆ "ನೋಡಿದೆ", "ಸರಿಮಾಡಿದೆ" ಅಲ್ಲ

ಅಲಾರಾಂ ಬಂದಾಗ ಮಿನುಗುತ್ತದೆ, ಹೂಟರ್ ಕೂಗುತ್ತದೆ. ಅಕ್ನಾಲೆಜ್ ಮಾಡಿದರೆ ಮಿನುಗು ನಿಂತು ಬಣ್ಣ ಸ್ಥಿರವಾಗುತ್ತದೆ. ತೊಂದರೆ ಹೋದ ಮೇಲೆ ಮಾತ್ರ ಪಟ್ಟಿಯಿಂದ ಮಾಯವಾಗಬೇಕು. ಅಕ್ನಾಲೆಜ್‌ಗೆ ಮುಂಚೆಯೇ ತೊಂದರೆ ಹೋದರೆ? ಸದ್ದಿಲ್ಲದೆ ಅಳಿಸಬೇಡಿ. ಬೇರೆ ಗುರುತಿನಲ್ಲಿ ಉಳಿಸಿ, ಇಲ್ಲದಿದ್ದರೆ ಬಂದುಹೋದ ವಿಷಯ ಆಪರೇಟರಿಗೆ ಗೊತ್ತೇ ಆಗುವುದಿಲ್ಲ.

ಆ ಅಣ್ಣನ ಬೆರಳಿಗೆ ಪರಿಹಾರ ಇಲ್ಲಿದೆ: ಹೂಟರ್ ನಿಲ್ಲಿಸುವ ಬಟನ್ ಬೇರೆ, ಅಕ್ನಾಲೆಜ್ ಬೇರೆ. ಸದ್ದು ನಿಲ್ಲಿಸಲು ಅಕ್ನಾಲೆಜ್ ಒತ್ತಲೇಬೇಕು ಎಂದಿದ್ದರೆ ಯಾರಾದರೂ ನೋಡದೆಯೇ ಒತ್ತುತ್ತಾರೆ. "ಎಲ್ಲಾ ಅಕ್ನಾಲೆಜ್" ಬಟನ್ ನಾನಂತೂ ಕೊಡುವುದಿಲ್ಲ. ಪರದೆಯಲ್ಲಿ ಕಾಣುತ್ತಿರುವ ಸಾಲುಗಳಿಗೆ ಮಾತ್ರ ಅಕ್ನಾಲೆಜ್ ನಡೆಯಲಿ.

ಪ್ರವಾಹಕ್ಕೆ ಒಡ್ಡು

ಪಂಪ್ ಎ ನಿಂತಿದೆ ಎಂದು ಗೊತ್ತಾದ ಮೇಲೆ ಅದರ ಕರೆಂಟ್, ಡಿಸ್ಚಾರ್ಜ್ ಪ್ರೆಷರ್ ಕಡಿಮೆ ಎಂದು ಹೇಳುವುದರಲ್ಲಿ ಹೊಸದೇನೂ ಇಲ್ಲ. ಎರಡೂ ಪಂಪ್ ನಿಂತಿದ್ದರೆ ಹೆಡರ್ ಪ್ರೆಷರ್, ಫ್ಲೋ, ವಾಲ್ವ್ ಅಲಾರಾಂಗಳನ್ನೂ ತಡೆಯಬಹುದು. ಬಾಯ್ಲರ್ ಟ್ರಿಪ್ ಆದ ಮೇಲೆ ಸ್ಟೀಮ್ ಮತ್ತು ಟರ್ಬೈನ್ ಇನ್ಲೆಟ್ ಕಡೆಯ ನಾಲ್ಕನ್ನೂ ತಡೆಯಬಹುದು. "ಸೆಟ್ ಪಾಯಿಂಟಿನಿಂದ ದೂರ" ಎಂಬುದನ್ನು ತೆಗೆದೇ ಹಾಕಿದೆ, ಲೆವೆಲ್ ಲೋ ಅದನ್ನೇ ಹೇಳುತ್ತದೆ. ಲೋ-ಲೋ ಮತ್ತು ಟ್ರಿಪ್ ಒಂದೇ ಸಾಲಾಗಿ, ಮೊದಲ ಕಾರಣದ ಸಮೇತ ಬರಲಿ: "ಬಾಯ್ಲರ್ ಟ್ರಿಪ್, ಕಾರಣ ಡ್ರಮ್ ಲೆವೆಲ್". ಈಗ ಲೆಕ್ಕ ಹಾಕಿ: ಪಂಪ್ ಎ ಟ್ರಿಪ್, ಬಿ ಚಾಲೂ ಆಗಲಿಲ್ಲ, ಲೆವೆಲ್ ಲೋ, ಬಾಯ್ಲರ್ ಟ್ರಿಪ್. 14 ಇದ್ದದ್ದು 4. ಬಿ ಎದ್ದಿದ್ದರೆ ಒಂದೇ ಒಂದು.

ಡ್ರಮ್ ಲೆವೆಲ್ ಲೋ ಅನ್ನು ಯಾಕೆ ತಡೆಯಲಿಲ್ಲ? ಇದಕ್ಕೆ ಉತ್ತರ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿದೆ. 1994ರ ಜುಲೈ 24ರಂದು ಅಲ್ಲಿನ ಟೆಕ್ಸಾಕೋ ರಿಫೈನರಿಯಲ್ಲಿ ಬೆಳಿಗ್ಗೆ ಸಿಡಿಲಿನಿಂದ ಘಟಕಗಳು ಅಸ್ತವ್ಯಸ್ತವಾದವು. ಒಂದು ಕಾಲಮ್ಮಿನಿಂದ ದ್ರವ ಹೊರಹೋಗುವ ವಾಲ್ವ್ ಮುಚ್ಚಿಕೊಂಡೇ ಇತ್ತು, ಆದರೆ ಕಂಟ್ರೋಲ್ ರೂಮಿಗೆ ಅದು ತೆರೆದಿದೆ ಎಂದೇ ಕಾಣುತ್ತಿತ್ತು. ಒಳಗೆ ದ್ರವ ತುಂಬುತ್ತಲೇ ಹೋಯಿತು. ಸುಮಾರು ಐದು ಗಂಟೆಗಳ ನಂತರ, ಹೆಚ್ಚುವರಿ ಅನಿಲವನ್ನು ಸುಡಲು ಒಯ್ಯುವ ಫ್ಲೇರ್ ಪೈಪ್ ಒಡೆದು, ಸುಮಾರು 20 ಟನ್ ಹೈಡ್ರೋಕಾರ್ಬನ್ ಹೊರಬಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ ಕೊನೆಯ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದದ್ದು 275 ಅಲಾರಾಂ.

ಈ ಕಥೆಯಲ್ಲಿ ಎಲ್ಲರೂ 275 ನೆನಪಿಡುತ್ತಾರೆ. ನಾನು ಆ ವಾಲ್ವನ್ನು ನೆನಪಿಡುತ್ತೇನೆ. ತಡೆಯುವ ಲಾಜಿಕ್ ನಿಂತಿರುವುದು "ವಾಲ್ವ್ ತೆರೆದಿದೆ", "ಪಂಪ್ ನಿಂತಿದೆ" ಎಂಬಂಥ ಸ್ಟೇಟಸ್ ಸಿಗ್ನಲ್ ಮೇಲೆ. ಆ ಸಿಗ್ನಲ್ ಸುಳ್ಳು ಹೇಳಿದರೆ ನಿಜವಾದ ಅಲಾರಾಂ ಕೂಡ ಮುಚ್ಚಿಹೋಗುತ್ತದೆ. ಹಾಗಾಗಿ ಬ್ರೇಕರ್ ಸ್ಟೇಟಸ್ ಮತ್ತು ಮೋಟರ್ ಕರೆಂಟ್ ಎರಡೂ ಒಪ್ಪಿದರೆ ಮಾತ್ರ ಪಂಪ್ ನಿಂತಿದೆ ಎಂದು ನಂಬಬೇಕು:

```
PumpA_Stopped := NOT BreakerA_Closed AND (CurrentA < 5.0);
Suppress_DischA := PumpA_Stopped;
```

ಡ್ರಮ್ ಲೆವೆಲ್ ಈ ಲಾಜಿಕ್‌ನಿಂದ ದೂರವೇ ಇರಲಿ. ಪಂಪ್ ಬಗ್ಗೆ ನಮ್ಮ ಊಹೆ ತಪ್ಪಾಗಿದ್ದರೂ ನೀರು ಎಷ್ಟಿದೆ ಎಂದು ಅದು ಬೇರೆಯಾಗಿ ಹೇಳುತ್ತದೆ.

ತಡೆದ ಅಲಾರಾಂಗಳೆಲ್ಲ ಒಂದು ಪಟ್ಟಿಯಲ್ಲಿ ಕಾಣುತ್ತಿರಬೇಕು. ಮೀಟರ್ ಕೆಟ್ಟಾಗ ಆಪರೇಟರ್ ತಾನೇ ಒಂದು ಅಲಾರಾಂ ಬದಿಗಿಡುವುದಾದರೆ ಅದಕ್ಕೆ ಗಡುವು ಇರಲಿ, ಎಂಟು ಗಂಟೆಯ ಶಿಫ್ಟ್ ಮುಗಿದ ಮೇಲೆ ತಾನಾಗಿ ವಾಪಸ್ ಬರಲಿ.

ಇದೆಲ್ಲ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಕಬ್ಬು ಅರೆಯುವ ಸೀಸನ್ ಶುರುವಾಗುವ ಮುಂಚೆಯೇ ಸರಿಯಾದ ಸಮಯ. ಬೆಂಕಿ ಹಾಕದೆ ಪಂಪ್ ಎ ಓಡಿಸಿ, ಬ್ರೇಕರ್ ಟ್ರಿಪ್ ಮಾಡಿ, ಲಾಗ್ ಎಣಿಸಿ. ಆಮೇಲೆ ಬ್ರೇಕರ್ ಸ್ಟೇಟಸ್ ವೈರ್ ಮಾತ್ರ ಬಿಚ್ಚಿ, ಪಂಪ್ ಓಡುತ್ತಲೇ ಇರಲಿ. ಆಗ ಡಿಸ್ಚಾರ್ಜ್ ಪ್ರೆಷರ್ ಅಲಾರಾಂ ತಡೆಯಲ್ಪಟ್ಟ ಪಟ್ಟಿಗೆ ಹೋದರೆ ಲಾಜಿಕ್ ಇನ್ನೂ ಒಂದೇ ಸಿಗ್ನಲ್ ನಂಬುತ್ತಿದೆ ಎಂದರ್ಥ.