ಬರೆಯಬೇಕು, ಓದಬಾರದು: ಸೈಲೆಂಟ್ 'ಬಿ'

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಗೋಡೆ ಮೇಲೋ ಕರೆಂಟ್ ಕಂಬದ ಮೇಲೋ 'ಪ್ಲಂಬರ್' ಎಂದು ಬರೆದು, ಕೆಳಗೆ ಮೊಬೈಲ್ ನಂಬರ್ ಹಾಕಿರುತ್ತಾರೆ. ನಾವು ಕರೆಯುವುದೂ ಹಾಗೇ. ಇಂಗ್ಲಿಷ್‌ನವರ ಬಾಯಲ್ಲಿ ಮಾತ್ರ ಅದು 'ಪ್ಲಮರ್'. ಸ್ಪೆಲಿಂಗ್‌ನಲ್ಲಿ ಬಿ ಇದೆ, ಉಚ್ಚಾರದಲ್ಲಿ ಇಲ್ಲ. ಇಂಥ ಅಕ್ಷರವೇ ಸೈಲೆಂಟ್ ಲೆಟರ್.

ಓದದ ಅಕ್ಷರವನ್ನು ಸುಮ್ನೆ ಯಾಕೆ ಬರೆಯಬೇಕು? ಬಿ ಒಂದನ್ನೇ ಹಿಡಿದು ನೋಡೋಣ. ಕುರಿಮರಿಗೆ ಹೇಳುವ 'ಲ್ಯಾಮ್', ಹತ್ತುವುದಕ್ಕೆ ಹೇಳುವ 'ಕ್ಲೈಮ್', ಇವುಗಳ ಕೊನೆಯಲ್ಲಿರುವ ಬಿ ಹಳೆಯ ಇಂಗ್ಲಿಷ್‌ನಲ್ಲಿ ನಿಜವಾಗಿಯೂ ಕೇಳಿಸುತ್ತಿತ್ತು. ಕಾಲ ಕಳೆದಂತೆ ನಾಲಿಗೆ ಅದನ್ನು ಬಿಟ್ಟಿತು, ಬರವಣಿಗೆ ಬಿಡಲಿಲ್ಲ. ಹೆಬ್ಬೆರಳಿನ 'ಥಮ್' ಕಥೆ ತಮಾಷೆಯದು. ಅದರಲ್ಲಿ ಮೊದಲು ಬಿ ಇರಲೇ ಇಲ್ಲ. ಉಳಿದವನ್ನು ನೋಡಿ ಇದಕ್ಕೂ ಒಂದು ಅಂಟಿಸಿದರು!

ಸಾಲಕ್ಕೆ ಹೇಳುವ 'ಡೆಟ್' ಇನ್ನೊಂದು ಜಾತಿ. ಈ ಪದ ಫ್ರೆಂಚ್‌ನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಇದರ ಮೂಲ ಲ್ಯಾಟಿನ್‌ನ 'ಡೆಬಿಟುಮ್' ಎಂದು ತೋರಿಸಲು ಪಂಡಿತರು ಆಮೇಲೆ ಸೇರಿಸಿದರು. ಜನ ಮಾತ್ರ ಮೊದಲಿನಂತೆಯೇ ಹೇಳುತ್ತಾ ಹೋದರು. ಪಂಡಿತರ ಈ ಚಪಲದಿಂದ ನಮಗೊಂದು ಲಾಭವಿದೆ. ಬ್ಯಾಂಕಿನ 'ಡೆಬಿಟ್' ಇದರ ಬಳಗದ್ದೇ, ಅಲ್ಲಿ ಬಿ ಚೆನ್ನಾಗಿ ಕೇಳಿಸುತ್ತದೆ. ಡೆಬಿಟ್ ನೆನಪಾದರೆ ಡೆಟ್ ಬರೆಯುವಾಗ ಬಿ ತಪ್ಪುವುದಿಲ್ಲ. ನಾವು ಬಾಂಬ್ ಎನ್ನುವ 'ಬಾಮ್'ಗೂ ಹೀಗೇ ಬಾಂಬ್ ದಾಳಿಗೆ ಹೇಳುವ 'ಬಂಬಾರ್ಡ್' ಇದೆ. ಅಕ್ಷರ ಬೇರೆಯಾದರೂ ಉಪಾಯ ಇದೇ: 'ಸೈನ್ ಬೋರ್ಡ್'ನಲ್ಲಿ ಕೇಳಿಸದ ಜಿ ನಮ್ಮ ಟ್ರಾಫಿಕ್ 'ಸಿಗ್ನಲ್'ನಲ್ಲಿ ಕೇಳಿಸುತ್ತದೆ, ಅಲ್ವಾ?

ಸರಿ, 'ಮೆಂಬರ್'ನಲ್ಲಿ ಬಿ ಹೇಳುತ್ತೇವೆ, 'ಪ್ಲಮರ್'ನಲ್ಲಿ ಯಾಕೆ ಇಲ್ಲ? ಎರಡರಲ್ಲೂ ಕೊನೆಯ ಇ-ಆರ್ ತೆಗೆದು ನೋಡಿ. ಮೆಂಬರ್‌ನಲ್ಲಿ ಉಳಿಯುವ ತುಂಡಿಗೆ ಅರ್ಥವಿಲ್ಲ. ಪ್ಲಮರ್‌ನಲ್ಲಿ 'ಪ್ಲಮ್' ಉಳಿಯುತ್ತದೆ. ಗೋಡೆ ನೆಟ್ಟಗಿದೆಯಾ ನೋಡಲು ಮೇಸ್ತ್ರಿ ದಾರ ಕಟ್ಟಿ ಇಳಿಬಿಡುವ ಗುಂಡು ಇದೆಯಲ್ಲ, ಅದಕ್ಕೆ ಸಂಬಂಧಿಸಿದ ಪದ ಅದು. ಲ್ಯಾಟಿನ್‌ನಲ್ಲಿ ಸೀಸಕ್ಕೆ 'ಪ್ಲಂಬುಮ್' ಎನ್ನುತ್ತಿದ್ದರು. ಹಿಂದೆ ಗುಂಡೂ ಸೀಸದ್ದು, ನೀರಿನ ಪೈಪೂ ಸೀಸದ್ದು. ಪದದ ಕೊನೆಯಲ್ಲಿ ಎಂ ಆದಮೇಲೆ ಬರುವ ಬಿ ಕೇಳಿಸುವುದಿಲ್ಲ. ಅದಕ್ಕೆ ಇ-ಆರ್ ಅಥವಾ ಐ-ಎನ್-ಜಿ ಸೇರಿಸಿದರೂ ಅದು ಬಾಯಿಬಿಡುವುದಿಲ್ಲ. ಹಾಗಾಗಿ ಬೆಟ್ಟ ಹತ್ತುವವನು 'ಕ್ಲೈಮರ್', ಹತ್ತುವುದು 'ಕ್ಲೈಮಿಂಗ್'.

ಡೆಟ್‌ಗೆ ಡೆಬಿಟ್ ನೆನೆಯುವಂಥ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಸೂಕ್ಷ್ಮ ಎಂಬ ಅರ್ಥದ 'ಸಟಲ್'ನಲ್ಲೂ ಟಿ ಮುಂಚೆ ಕೇಳಿಸದ ಬಿ ಇದೆ. ಅದನ್ನು ನೆನಪಿಸುವಂಥ, ದಿನಾ ಕಿವಿಗೆ ಬೀಳುವ ನೆಂಟ ಪದ ಯಾವುದೂ ಇಲ್ಲ. ಅದನ್ನು ಬಾಯಿಪಾಠ ಮಾಡಲೇಬೇಕು.