ಬಡ್ಡಿ ಇಲ್ಲದ ಕಂತಿನ ಮೊಬೈಲು: ಆ 1,900 ರೂಪಾಯಿ ಎಲ್ಲಿ ಹೋಯಿತು?

ಪ್ರಶ್ನೆ: "ಸರ, ಬಡ್ಡಿ ಸೊನ್ನೆ ಅಂತ ಬೋರ್ಡ್ ಹಾಕ್ಯಾರ. ಹಂಗಿದ್ರ ರೋಖ ಕೊಟ್ಟು ಯಾಕ ತಗೋಬೇಕ್ರಿ? ಕಂತಿನಾಗ ತಗೊಂಡ್ರ ಲುಕ್ಸಾನ ಏನೈತಿ?"

ದಸರಾ ಹತ್ತಿರ ಬಂದರೆ ಈ ಪ್ರಶ್ನೆ ಬರುತ್ತದೆ. ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಮತ್ತೊಮ್ಮೆ ಬರುತ್ತದೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಈ ಸಲ ಒಂದೇ ಮೊಬೈಲಿನ ಲೆಕ್ಕವನ್ನು ಕೊನೆಯ ತನಕ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸುವುದು.

ನನ್ನ ತಂಗಿಯ ಮಗನ ಜೊತೆ ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಅಂಗಡಿಗೆ ಹೋಗಿದ್ದೆ. ಅವನು ಮೆಚ್ಚಿದ ಮೊಬೈಲಿನ ಬೆಲೆ 24,000. ಬೆಲೆ ಕೇಳಿದಾಗ ಕೌಂಟರಿನ ಹುಡುಗ ಉತ್ತರ ಕೊಡಲಿಲ್ಲ, ತಿರುಗಿ ಕೇಳಿದ: "ರೋಖೋ, ಫೈನಾನ್ಸೋ?" ನನ್ನ ಪ್ರಕಾರ ಇಡೀ ವಿಷಯ ಈ ಎರಡು ಶಬ್ದದಲ್ಲೇ ಇದೆ. ಬೆಲೆ ಒಂದೇ ಆಗಿದ್ದರೆ ಹಾಗೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ ಅಲ್ವಾ?

ರೋಖ ಅಂದೆ. ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದ. 22,800. "ಫೈನಾನ್ಸ್ ಅಂದ್ರ?" ಅಂದೆ. "ಬೋರ್ಡಿನ ರೇಟೇ ರೀ, ಅದರಾಗ ಕಡಿಮಿ ಬರಂಗಿಲ್ಲ" ಅಂದ.

ಫೈನಾನ್ಸ್ ಹೇಗಿತ್ತು ಅಂದರೆ, 3,000ದಂತೆ ಎಂಟು ಕಂತು. ಅದರಲ್ಲಿ ಎರಡು ಕಂತು ಅಲ್ಲೇ ಕಟ್ಟಬೇಕು, ಉಳಿದ ಆರು ತಿಂಗಳಿಗೊಂದು. ಜೊತೆಗೆ ಪ್ರೊಸೆಸಿಂಗ್ ಫೀ, ಜಿಎಸ್‌ಟಿ ಸೇರಿ 700 ರೂಪಾಯಿ. "ನೋಡು ಮಾಮಾ, ಮೂರು ಎಂಟಲೇ ಇಪ್ಪತ್ನಾಲ್ಕು. ಬಡ್ಡಿ ಎಲ್ಲೈತಿ?" ಅಂತ ಅಳಿಯ ನನಗೇ ಪಾಠ ಹೇಳಿದ.

ಎಲ್ಲರೂ ಬೀಳುವುದು ಇಲ್ಲೇ. ಕಂತುಗಳನ್ನು ಕೂಡಿಸಿ ಬೋರ್ಡಿನ ಬೆಲೆಗೆ ಹೋಲಿಸುತ್ತಾರೆ, ಸರಿಹೋದರೆ ಬಡ್ಡಿ ಇಲ್ಲ ಅಂತ ತೀರ್ಮಾನ ಮಾಡುತ್ತಾರೆ. ಆದರೆ ರೋಖ ಕೊಡುವವನು ಬೋರ್ಡಿನ ಬೆಲೆ ಕೊಡುತ್ತಿಲ್ಲವಲ್ಲ! ಹೋಲಿಸಬೇಕಾದದ್ದು 22,800ಕ್ಕೆ. ಕಂತಿನವನು ಕೊಡುವುದು 24,000 ಮತ್ತು 700, ಅಂದರೆ 24,700. ವ್ಯತ್ಯಾಸ 1,900.

ಸಾಲ ಕೊಟ್ಟವನು ಪುಕ್ಕಟೆ ದುಡಿಯುವುದಿಲ್ಲ. ಸಾಮಾನ್ಯವಾಗಿ ಮೊಬೈಲ್ ಕಂಪನಿಯೋ ಅಂಗಡಿಯವನೋ ಒಂದಿಷ್ಟು ರೊಕ್ಕವನ್ನು ಫೈನಾನ್ಸಿನವನಿಗೆ ಬಿಟ್ಟುಕೊಡುತ್ತಾರೆ. ಅದೇ ಅವನ ಬಡ್ಡಿ. ನಿಮಗೆ ರಿಯಾಯಿತಿಯಾಗಿ ಬರಬಹುದಾಗಿದ್ದ ರೊಕ್ಕ ಆ ಕಡೆ ಹೋಗುತ್ತದೆ. ಹಾಗಾಗಿ "ಕಡಿಮಿ ಬರಂಗಿಲ್ಲ" ಅಂದದ್ದು ಹುಡುಗನ ಹಟ ಅಲ್ಲ. ಸೊನ್ನೆ ಬಡ್ಡಿ ಅನ್ನುವ ಕಲ್ಪನೆಯೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಅಂಗಡಿಯ ಬೋರ್ಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ವಾದ ಬಂದೇ ಬರುತ್ತದೆ. "24,000ಕ್ಕೆ 1,900 ಅಂದ್ರ ನೂರಕ್ಕೆ ಎಂಟು ರೂಪಾಯಿ. ಬ್ಯಾಂಕಿನ ಬಡ್ಡಿಗಿಂತ ಕಡಿಮಿ ಆತಲ್ರಿ?" ಇಲ್ಲ. ಇದನ್ನು ಸ್ವಲ್ಪ ನಿಧಾನಕ್ಕೆ ನೋಡಿ.

ಮೊದಲ ದಿನ ಕೈಯಿಂದ ಹೋದದ್ದು ಎರಡು ಕಂತಿನ 6,000, ಫೀ 700, ಒಟ್ಟು 6,700. ರೋಖ ಬೆಲೆ 22,800ರಲ್ಲಿ ಅದನ್ನು ಕಳೆಯಿರಿ. ನಿಜವಾಗಿ ನೀವು ಪಡೆದ ಉದ್ರಿ 16,100, 24,000 ಅಲ್ಲ. ಅದೂ ಆರು ತಿಂಗಳು ಪೂರ್ತಿ ನಿಮ್ಮ ಹತ್ತಿರ ಇರುವುದಿಲ್ಲ. ಪ್ರತಿ ತಿಂಗಳು 3,000 ಹೋದಂತೆ, ಅದರೊಳಗಿನ ಬಡ್ಡಿ ತೆಗೆದರೆ, ಬಾಕಿ 13,629ಕ್ಕೆ ಇಳಿಯುತ್ತದೆ. ಆಮೇಲೆ 11,076, 8,440, 5,717. ಕೊನೆಯ ತಿಂಗಳು ನಿಮ್ಮ ಕೈಯಲ್ಲಿ ಇರುವುದು ಬರೀ 2,905. ಸರಾಸರಿ ತೆಗೆದರೆ ಆರು ತಿಂಗಳು ನೀವು ಬಳಸಿದ್ದು ಸುಮಾರು 9,640 ರೂಪಾಯಿ. ಅದಕ್ಕೆ ಕೊಟ್ಟದ್ದು 1,900. ಆರು ತಿಂಗಳಿಗೇ ನೂರಕ್ಕೆ ಹತ್ತಿರಹತ್ತಿರ 20 ಬಿತ್ತು. ವರ್ಷದ ಲೆಕ್ಕಕ್ಕೆ 39. ಊರಿನ ಭಾಷೆಯಲ್ಲಿ ಹೇಳಬೇಕೆಂದರೆ ತಿಂಗಳಿಗೆ ಮೂರೂಕಾಲು ರೂಪಾಯಿ ಬಡ್ಡಿ. ಕೈಸಾಲದವನು ಇದೇ ದರ ಹೇಳಿದ್ದರೆ ಅಳಿಯ ಅಲ್ಲಿಂದ ಎದ್ದು ಬರುತ್ತಿದ್ದ.

ಈ ಲೆಕ್ಕವನ್ನು ನಂಬದಿದ್ದರೆ ಎಕ್ಸೆಲ್ ತೆರೆದು ಹೀಗೆ ಹೊಡೆದು ನೋಡಿ:

```
=RATE(6,-3000,16100)*12
```

ನಿಮ್ಮ ಮೊಬೈಲಿಗೆ ಆರರ ಜಾಗದಲ್ಲಿ ಬಾಕಿ ಕಂತುಗಳ ಸಂಖ್ಯೆ, 3000ದ ಜಾಗದಲ್ಲಿ ನಿಮ್ಮ ಕಂತು ಹಾಕಿ. 16100ರ ಜಾಗದಲ್ಲಿ ರೋಖ ಬೆಲೆಯಿಂದ ಮೊದಲ ದಿನ ಕಟ್ಟಿದ್ದನ್ನೆಲ್ಲ ಕಳೆದು ಉಳಿದದ್ದನ್ನು ಹಾಕಿ. ಉತ್ತರ 0.39 ಅಂತ ಬಂದರೆ 39 ಪರ್ಸೆಂಟು.

2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಸಾಲದ ಮುಖ್ಯ ವಿವರಗಳ ಒಂದು ಹಾಳೆ ಕೊಡಲೇಬೇಕು. ಅದರಲ್ಲಿ ಫೀ ಎಲ್ಲ ಸೇರಿಸಿದ ವಾರ್ಷಿಕ ದರ ಇರುತ್ತದೆ. ಕೇಳಿ ತಗೊಳ್ಳಿ, ಸಹಿ ಮಾಡುವ ಮೊದಲು. ಆದರೆ ಕೌಂಟರಿನಲ್ಲಿ ನೀವು ಬಿಟ್ಟುಬಂದ 1,200ರ ರಿಯಾಯಿತಿ ಆ ಹಾಳೆಯಲ್ಲಿ ಕಾಣುವುದಿಲ್ಲ. ಅದು ಸಾಲದ ಲೆಕ್ಕ ಅಲ್ಲ, ಚೌಕಾಶಿಯ ಲೆಕ್ಕ. ಆದ್ದರಿಂದ ಅಂಗಡಿಗೆ ಹೋದಾಗ ಮೊದಲು ರೋಖ ಬೆಲೆ ಗಟ್ಟಿಮಾಡಿಕೊಳ್ಳಿ, ಕಂತಿನ ಮಾತು ಆಮೇಲೆ.

ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಇನ್ನೊಂದು ಸಣ್ಣ ಸೋರಿಕೆ ಇದೆ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನೇ ರಿಯಾಯಿತಿ ಅಂತ ಮೊದಲೇ ಕಳೆದಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮದೇ. 24,000ವನ್ನು ಆರು ಕಂತು ಮಾಡಿ ದರ ವರ್ಷಕ್ಕೆ 16 ಪರ್ಸೆಂಟ್ ಇದ್ದರೆ, ಬಡ್ಡಿ ಸುಮಾರು 1,080, ಜಿಎಸ್‌ಟಿ ಸುಮಾರು 195. ಫೀ ಇದ್ದರೆ ಅದು ಬೇರೆ.

ಹಾಗಂತ ಕಂತು ಯಾವಾಗಲೂ ಲುಕ್ಸಾನ ಅಂತ ನಾನು ಹೇಳುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ರೋಖ ಕೊಟ್ಟರೂ ಒಂದು ರೂಪಾಯಿ ಇಳಿಯುವುದಿಲ್ಲ, ನಾಲ್ಕು ಅಂಗಡಿ ತಿರುಗಿದರೂ ಅದೇ ಬೆಲೆ. ಆಗ ನಿಮ್ಮ ಖರ್ಚು ಫೀ ಮಾತ್ರ. ಆದರೆ ರೊಕ್ಕವನ್ನು ಡಿಪಾಜಿಟ್‌ನಲ್ಲಿಟ್ಟು ಆ ಬಡ್ಡಿಯಲ್ಲಿ ಫೀ ತುಂಬುತ್ತೇನೆ ಅನ್ನುವ ಜಾಣರಿಗೆ ಒಂದು ಮಾತು. ಹೀಗೆ ಕರಗುತ್ತಾ ಹೋಗುವ ರೊಕ್ಕಕ್ಕೆ ಆರು ತಿಂಗಳಲ್ಲಿ ಹುಟ್ಟುವುದು ಮುನ್ನೂರು ಚಿಲ್ಲರೆ. ಫೀಯ ಅರ್ಧಕ್ಕೂ ಬರುವುದಿಲ್ಲ.

ಯಾರೂ ಕೇಳಿಲ್ಲ, ಆದರೂ ಕಂತಿನ ತಾರೀಖಿನ ಬಗ್ಗೆ ಹೇಳಿಬಿಡುತ್ತೇನೆ. ಬಾಗಲಕೋಟೆ, ಬೆಳಗಾವಿ ಕಡೆಯ ಎಷ್ಟೋ ಮಂದಿ ಕಬ್ಬಿನ ಬಿಲ್ ಬಂದಾಗ ತುಂಬುತ್ತೇವೆ ಅಂತ ಕಂತು ಮಾಡಿಕೊಳ್ಳುತ್ತಾರೆ. ಕಾಯ್ದೆ ಪ್ರಕಾರ ಕಬ್ಬು ಮುಟ್ಟಿದ 14 ದಿನದಲ್ಲಿ ಕಾರ್ಖಾನೆ ರೊಕ್ಕ ಕೊಡಬೇಕು. ಕೊಡುವುದು ಯಾವಾಗ ಅಂತ ನಿಮಗೇ ಗೊತ್ತು. ಕಂತು ಮಾತ್ರ ಕಾಯುವುದಿಲ್ಲ, ಗೊತ್ತಾದ ದಿನ ಖಾತೆಗೆ ಬಂದು ಬಡಿಯುತ್ತದೆ.

ನನಗೇ ಒಮ್ಮೆ ಆಗಿದೆ. ಖಾತೆಯಲ್ಲಿ ಕಡಿಮೆ ಬಿದ್ದದ್ದು 140 ರೂಪಾಯಿ. ಸಾಲ ಕೊಟ್ಟವರು 500 ದಂಡ ಹಾಕಿದರು, ನನ್ನ ಬ್ಯಾಂಕು 250 ಮತ್ತು ಜಿಎಸ್‌ಟಿ ಸೇರಿ 295 ಕಿತ್ತುಕೊಂಡಿತು. ಮೂರು ದಿನ ಬಿಟ್ಟು ಅವರು ಮತ್ತೊಮ್ಮೆ ಖಾತೆ ಬಡಿದರು, ಬ್ಯಾಂಕು ಮತ್ತೆ 295 ತಗೊಂಡಿತು. ಹಾಗಾಗಿ ಸಹಿ ಹಾಕುವಾಗಲೇ ಕಂತಿನ ತಾರೀಖು ಯಾವುದು ಅಂತ ಕೇಳಿ. ಪಗಾರ 7ಕ್ಕೆ ಬರುವವರಿಗೆ 2ನೇ ತಾರೀಖಿನ ಕಂತು ಆಗಿಬರುವುದಿಲ್ಲ.

ಅಳಿಯ ಏನು ಮಾಡಿದ ಅಂತ ಕೇಳುತ್ತೀರಿ, ಗೊತ್ತು. ಹಳೆ ಮೊಬೈಲಿಗೆ ಹೊಸ ಬ್ಯಾಟರಿ ಹಾಕಿಸಿದ್ದಾನೆ. ಆ ಮೂರು ಸಾವಿರವನ್ನು ತಿಂಗಳು ತಿಂಗಳು ಪೋಸ್ಟಾಫೀಸಿನ ತನ್ನ ಖಾತೆಗೇ ಕಟ್ಟುತ್ತಿದ್ದಾನೆ. ನಾಲ್ಕು ತಿಂಗಳಾಯಿತು. ಮೊನ್ನೆ ಫೋನ್ ಮಾಡಿ, "ಮಾಮಾ, ಆ ಮಾಡೆಲ್ ಈಗ 21,500ಕ್ಕೆ ಇಳಿದೈತಿ" ಅಂದ.