ಪದ ಪರಿಚಯ: ಸೋಲಾರ್ ಫೀಸಿಬಿಲಿಟಿ ರಿಪೋರ್ಟ್

ಫ್ಯಾಕ್ಟರಿ ಮೇಲೆ ಸೋಲಾರ್ ಹಾಕಿಸಬೇಕು ಅಂತ ವಿಚಾರಿಸಿದರೆ ಸಾಕು, ಉಪಗ್ರಹ ಚಿತ್ರದಲ್ಲಿ ಛಾವಣಿ ಅಳೆದು "ಇಷ್ಟು ಕಿಲೋವ್ಯಾಟ್ ಕೂರುತ್ತೆ ಸಾರ್" ಅಂತ ಎರಡು ಪುಟದ ಕಾಗದ ಬರುತ್ತದೆ. ಅದು ಕೊಟೇಶನ್. ಫೀಸಿಬಿಲಿಟಿ ರಿಪೋರ್ಟ್ ಬೇರೆ. ಛಾವಣಿ ಆ ಭಾರ ಹೊರುತ್ತದಾ, ಬರುವ ಕರೆಂಟನ್ನು ಫ್ಯಾಕ್ಟರಿ ಬಳಸಿಕೊಳ್ಳುತ್ತದಾ, ಈ ಎರಡಕ್ಕೂ ಲೆಕ್ಕ ಹಾಕಿ ಉತ್ತರ ಕೊಡುವುದೇ ಅದರ ಕೆಲಸ.

ಪೀಣ್ಯದಲ್ಲಿ ಕಾಣುವಂಥ ಒಂದು ಮಾಮೂಲಿ ಶೆಡ್ ತಗೊಳ್ಳೋಣ. 60 ಮೀಟರ್ ಉದ್ದ, 30 ಮೀಟರ್ ಅಗಲ, ಮೇಲೆ ಮೆಟಲ್ ಶೀಟ್. ಬೆಳಕಿನ ಶೀಟು, ಟರ್ಬೋ ವೆಂಟಿಲೇಟರು, ಅಂಚು, ಓಡಾಡುವ ದಾರಿ ಎಲ್ಲ ಬಿಟ್ಟರೆ 550 ವ್ಯಾಟಿನ ಸುಮಾರು 400 ಪ್ಯಾನೆಲ್ ಕೂರುತ್ತವೆ ಅಂದುಕೊಳ್ಳಿ. ಅಂದರೆ 220 ಕಿಲೋವ್ಯಾಟ್.

ಮೊದಲು ಭಾರ. ಪ್ಯಾನೆಲ್, ಅದನ್ನು ಕೂರಿಸುವ ರೈಲು, ಕ್ಲ್ಯಾಂಪು ಎಲ್ಲ ಸೇರಿ ಚದರ ಮೀಟರಿಗೆ ಹೆಚ್ಚುಕಡಿಮೆ 15 ಕೆಜಿ. ಕಡಿಮೆ ಇಳಿಜಾರಿನ, ಜನ ಓಡಾಡದ ಛಾವಣಿಗೆ ಕಟ್ಟಡದ ಭಾರಗಳ ಭಾರತೀಯ ಮಾನದಂಡವಾದ ಐಎಸ್ 875 ಹೇಳುವ ಲೈವ್ ಲೋಡ್ ಚದರ ಮೀಟರಿಗೆ ಸುಮಾರು 75 ಕೆಜಿ. "75 ಇದೆಯಲ್ಲ, 15 ಏನು ಮಹಾ" ಅಂತ ಕೆಲವರು ಇಲ್ಲಿಗೇ ಲೆಕ್ಕ ಮುಗಿಸಿಬಿಡುತ್ತಾರೆ. ಇದು ತಪ್ಪು. ಆ 75 ಇರುವುದು ರಿಪೇರಿಗೆ ಹತ್ತುವ ಜನ, ಅವರ ಸಾಮಾನು ಇಂಥದ್ದಕ್ಕೆ, ಪ್ಯಾನೆಲ್ ಭಾರ ಮಾತ್ರ ಹಗಲೂ ರಾತ್ರಿ ಅಲ್ಲೇ ಕೂತಿರುತ್ತದೆ. ಹಾಗಾಗಿ ಎರಡನ್ನೂ ಕೂಡಿಸಿ ನೋಡಬೇಕು. ಶೀಟನ್ನು ಹೊರುವ ಅಡ್ಡ ತೊಲೆಯೇ ಪರ್ಲಿನ್. ಒಂದು ಪರ್ಲಿನ್ 6 ಮೀಟರ್ ಉದ್ದ ಇದ್ದು, ಪರ್ಲಿನ್‌ಗಳ ನಡುವೆ 1.4 ಮೀಟರ್ ಅಂತರ ಇದ್ದರೆ, ಒಂದೊಂದರ ಮೇಲೂ 126 ಕೆಜಿ ಹೊಸದಾಗಿ ಬೀಳುತ್ತದೆ. ಹಳೇ ಶೆಡ್ಡಿನ ಡ್ರಾಯಿಂಗ್ ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ಒಬ್ಬರು ಏಣಿ ಹತ್ತಿ ಪರ್ಲಿನ್ ದಪ್ಪ ಅಳೆಯಲೇಬೇಕು. ನೀರು ಸೋರಿ ತುಕ್ಕು ಹಿಡಿದ ಕಡೆ ಅಳತೆ ಕಡಿಮೆ ಬರುತ್ತದೆ, ಲೆಕ್ಕಕ್ಕೆ ಆ ಕಡಿಮೆ ಅಳತೆಯನ್ನೇ ಹಿಡಿಯಬೇಕು.

ಇನ್ನೊಂದು ವಿಷಯ ಗಾಳಿ, ನನ್ನ ಪ್ರಕಾರ ಭಾರಕ್ಕಿಂತ ಇದೇ ದೊಡ್ಡದು. ಬೆಂಗಳೂರಿಗೆ ಹಿಡಿಯುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಅದರಿಂದ ಬರುವ ಒತ್ತಡ ಚದರ ಮೀಟರಿಗೆ 65 ಕೆಜಿ ಆಸುಪಾಸು, ಅಂಚು ಮೂಲೆಗಳಲ್ಲಿ ಎಳೆತ ಇನ್ನೂ ಜಾಸ್ತಿ. ಚದರ ಮೀಟರಿಗೆ ಬರೀ 15 ಕೆಜಿ ಇರುವ ಪ್ಯಾನೆಲನ್ನು ಗಾಳಿ ಮೇಲಕ್ಕೆ ಎತ್ತಲು ನೋಡುತ್ತದೆ, ಮತ್ತು ಆ ಎಳೆತವೆಲ್ಲ ಕೆಲವೇ ಸ್ಕ್ರೂಗಳ ಮೇಲೆ ಬೀಳುತ್ತದೆ. ರೈಲನ್ನು ಬರೀ ಶೀಟಿಗೆ ಸ್ಕ್ರೂ ಮಾಡಿದ್ದರೆ, ಶೀಟು ಪರ್ಲಿನ್‌ಗೆ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದೂ ರಿಪೋರ್ಟಿನಲ್ಲಿ ಇರಬೇಕು. ಆಸ್ಬೆಸ್ಟಾಸ್ ಶೀಟ್ ಆಗಿದ್ದರೆ ಮಾತೇ ಬೇರೆ, ಅದರ ಮೇಲೆ ಜನ ನಿಲ್ಲುವುದೇ ಅಪಾಯ, ಮೊದಲು ಶೀಟ್ ಬದಲಿಸಿ.

ಈಗ ಕರೆಂಟು. ಇದಕ್ಕೆ ತಿಂಗಳ ಬಿಲ್ಲು ಸಾಲದು, ಮೀಟರಿನಿಂದ 15 ನಿಮಿಷಕ್ಕೊಂದರಂತೆ ತೆಗೆದ ಲೋಡ್ ಡೇಟಾ ಬೇಕು. ನಮ್ಮ ಶೆಡ್ಡು ಹಗಲು 180 ಕಿಲೋವ್ಯಾಟ್ ಬಳಸುತ್ತದೆ, ಊಟದ ಹೊತ್ತಿಗೆ 90ಕ್ಕೆ ಇಳಿಯುತ್ತದೆ, ಭಾನುವಾರ ಬರೀ 10 ಅಂದುಕೊಳ್ಳಿ. 220 ಕಿಲೋವ್ಯಾಟ್ ಸೋಲಾರ್ ಬೆಂಗಳೂರಿನಲ್ಲಿ ದಿನಕ್ಕೆ ಸರಾಸರಿ 880 ಯೂನಿಟ್ ಕೊಡಬಹುದು. ಭಾನುವಾರ ಅದರಲ್ಲಿ ಬಹುಪಾಲು ಹೊರಗೆ ಹೋಗುತ್ತದೆ, ಗ್ರಿಡ್‌ಗೆ ಕೊಡುವ ಅನುಮತಿ ಇಲ್ಲದಿದ್ದರೆ ಇನ್ವರ್ಟರ್ ಅಷ್ಟನ್ನೂ ತಡೆಯುತ್ತದೆ, ಸುಮ್ನೆ ವ್ಯರ್ಥ.

ಬಹಳ ಜನ ಮರೆಯುವುದು ಪವರ್ ಫ್ಯಾಕ್ಟರ್, ಅಂದರೆ ಎಳೆಯುವ ಒಟ್ಟು ಪವರಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. 180 ಕಿಲೋವ್ಯಾಟ್ ಲೋಡಿಗೆ ಅದು 0.95 ಇದ್ದರೆ, ಮೋಟಾರುಗಳಿಗೆ ಸುಮಾರು 59 ಕಿಲೋವಾರ್ ರಿಯಾಕ್ಟಿವ್ ಪವರ್, ಅಂದರೆ ಕಾಂತಕ್ಷೇತ್ರಕ್ಕೆ ಬೇಕಾದ, ಕೆಲಸವಾಗಿ ಬಾರದ ಪವರ್ ಬೇಕು. ಮಧ್ಯಾಹ್ನ ಸೋಲಾರ್ 150 ಕಿಲೋವ್ಯಾಟ್ ಕೊಟ್ಟಾಗ ಗ್ರಿಡ್‌ನಿಂದ ಬರುವುದು 30 ಕಿಲೋವ್ಯಾಟ್ ಮಾತ್ರ, ಆದರೆ ಆ 59 ಹಾಗೇ ಉಳಿಯುತ್ತದೆ. ಮೀಟರ್ ಆಗ 0.45 ತೋರಿಸುತ್ತದೆ! ಯಂತ್ರಗಳಲ್ಲಿ ಏನೂ ಬದಲಾಗಿಲ್ಲ, ಆದರೂ ತಿಂಗಳ ಸರಾಸರಿ ಇಳಿದು ದಂಡ ಬೀಳಬಹುದು. ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್‌ನ ಸಿಟಿಯನ್ನು, ಅಂದರೆ ಕರೆಂಟ್ ಅಳೆಯುವ ಸುರುಳಿಯನ್ನು, ಸೋಲಾರ್ ಬಂದು ಸೇರುವ ಜಾಗಕ್ಕಿಂತ ಗ್ರಿಡ್ ಕಡೆಗೆ, ಮೇನ್ ಇನ್‌ಕಮರ್‌ನಲ್ಲಿ ಕೂರಿಸಬೇಕು, ಆಗ ಅದಕ್ಕೆ ಮೀಟರ್ ನೋಡುವುದೇ ಕಾಣುತ್ತದೆ. ಇಲ್ಲವೇ ಇನ್ವರ್ಟರ್‌ನಿಂದಲೇ ರಿಯಾಕ್ಟಿವ್ ಪವರ್ ಕೊಡಿಸಬೇಕು. ಇದರಲ್ಲಿ ಯಾವುದು ಅಂತ ರಿಪೋರ್ಟಿನಲ್ಲೇ ಬರೆದಿರಬೇಕು.

ಡೀಸೆಲ್ ಜನರೇಟರ್ ಇದ್ದರೆ ಅದಕ್ಕೂ ಒಂದು ಪುಟ ಇರಲಿ. ಕರೆಂಟ್ ಹೋಗಿ ಜನರೇಟರ್ ಓಡುವಾಗ ಸೋಲಾರ್ ಜಾಸ್ತಿ ಆದರೆ ಹೆಚ್ಚಾದ ಪವರ್ ಜನರೇಟರಿಗೇ ತಿರುಗುತ್ತದೆ, ತಡೆಯಲು ಕಂಟ್ರೋಲರ್ ಬೇಕು.

ಇಷ್ಟೆಲ್ಲ ನೋಡಿದ ಮೇಲೆ ಈ ಶೆಡ್ಡಿಗೆ ರಿಪೋರ್ಟ್ 220 ಬೇಡ, 150 ಹಾಕಿ, ತುಕ್ಕು ಹಿಡಿದ ಪರ್ಲಿನ್ ಮೊದಲು ಬದಲಿಸಿ, ಅಂಚಿನ ಸಾಲು ಕೈಬಿಡಿ ಅನ್ನಬಹುದು. ಛಾವಣಿ ಖಾಲಿ ಉಳಿಯುತ್ತದಲ್ಲಾ ಅಂತ ಮಾಲೀಕರು ಕೇಳಿಯೇ ಕೇಳುತ್ತಾರೆ. ಉಳಿಯಲಿ, ಹೊಸ ಯಂತ್ರ ಬಂದು ಹಗಲಿನ ಲೋಡ್ ಏರಿದಾಗ ಅಲ್ಲಿ ಇನ್ನಷ್ಟು ಕೂರಿಸಬಹುದು, ಅಲ್ವಾ?